ಸಂಬಳ ಬಂದಿಲ್ಲವೇ? ಮೊದಲ ಮೇಲ್‌ನಿಂದ ಕಾರ್ಮಿಕ ಇಲಾಖೆಯ ದೂರಿನವರೆಗೆ

'ಎರಡು ತಿಂಗಳಿಂದ ಸಂಬಳ ಆಗಿಲ್ಲ, ಕೇಳಿದರೆ ಮುಂದಿನ ವಾರ ಅಂತಾರೆ, ಏನು ಮಾಡಲಿ?' ಓದುಗರಿಂದ ಪದೇ ಪದೇ ಬರುವ ಪ್ರಶ್ನೆ ಇದು. ಕರ್ನಾಟಕದ ಖಾಸಗಿ ಕಂಪನಿಯೊಂದರಲ್ಲಿ ತಿಂಗಳ ಸಂಬಳಕ್ಕೆ ದುಡಿಯುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಉತ್ತರವನ್ನು ಹಂತ ಹಂತವಾಗಿ ಕೊಟ್ಟಿದ್ದೇವೆ. ಬ್ಯಾಂಕು, ವಿಮೆ, ರೈಲ್ವೆ, ವಿಮಾನ ನಿಲ್ದಾಣ, ಗಣಿಯಂಥ ಕಡೆ ಇರುವವರಿಗೆ ದೂರು ಕೊಡುವ ಕಚೇರಿ ಬೇರೆ. ಅದನ್ನು ನಾಲ್ಕನೇ ಹಂತದಲ್ಲಿ ಹೇಳಿದೆ.

## ಮೊದಲು ಇಷ್ಟು ತಿಳಿದಿರಲಿ

ವೇತನ ಸಂಹಿತೆ 2019 ಎಂಬ ಕೇಂದ್ರ ಕಾನೂನು 2025ರ ನವೆಂಬರ್ 21ರಿಂದ ಜಾರಿಯಲ್ಲಿದೆ. ಅದರ ಪ್ರಕಾರ ತಿಂಗಳ ಸಂಬಳ ಮುಂದಿನ ತಿಂಗಳ 7ನೇ ತಾರೀಕಿನೊಳಗೆ ನಿಮ್ಮ ಕೈ ಸೇರಬೇಕು. 'ನಮ್ಮಲ್ಲಿ 15ಕ್ಕೆ ಸಂಬಳ' ಎಂಬುದು ಕಂಪನಿಯ ರೂಢಿ ಇರಬಹುದು, ಆದರೆ ಕಾನೂನಿನ ಲೆಕ್ಕದಲ್ಲಿ 8ನೇ ತಾರೀಕಿಗೇ ಅದು ತಡ. 'ಕ್ಲೈಂಟ್‌ನಿಂದ ಹಣ ಬಂದಿಲ್ಲ' ಎನ್ನುವುದು ಕಂಪನಿಯ ಕಷ್ಟವೇ ಹೊರತು ನಿಮ್ಮ ಸಂಬಳ ತಡೆಯಲು ಕಾರಣವಲ್ಲ.

ಹಿಂದಿನ 1936ರ ವೇತನ ಪಾವತಿ ಕಾಯ್ದೆಯ ರಕ್ಷಣೆ ತಿಂಗಳಿಗೆ 24,000 ರೂಪಾಯಿವರೆಗಿನ ವೇತನದವರಿಗೆ ಮಾತ್ರ ಸಿಗುತ್ತಿತ್ತು. 'ನಿಮ್ಮ ಸಂಬಳ ಜಾಸ್ತಿ, ಲೇಬರ್ ಆಫೀಸ್‌ಗೆ ಬರೋದಿಲ್ಲ' ಎಂದು ಎಚ್‌ಆರ್‌ನವರು ಈಗಲೂ ಹೇಳುವುದು ಆ ಹಳೆಯ ಮಿತಿಯನ್ನು ನೆನಪಿಟ್ಟುಕೊಂಡೇ. ಹೊಸ ಸಂಹಿತೆಯ ಸಂಬಳ ಪಾವತಿಯ ಭಾಗಕ್ಕೆ ಈ ಮಿತಿ ಇಲ್ಲ. ಮೇಲ್ವಿಚಾರಕರು, ಮ್ಯಾನೇಜರ್‌ಗಳು ಕೂಡ ಅದರ ವ್ಯಾಪ್ತಿಗೆ ಬರುತ್ತಾರೆ. ನಿಮ್ಮ ಬಾಕಿ 2025ರ ನವೆಂಬರ್ 21ಕ್ಕಿಂತ ಹಿಂದಿನದಾಗಿದ್ದರೆ ಮಾತ್ರ ಹಳೆಯ ಕಾಯ್ದೆಯ ಮಿತಿ ಮತ್ತು ಗಡುವಿನ ಪ್ರಶ್ನೆ ಏಳುತ್ತದೆ. ಅಂಥ ಬಾಕಿಯನ್ನು ಅರ್ಜಿಯಲ್ಲಿ ಬೇರೆಯಾಗಿ ತೋರಿಸಿ.

ಇನ್ನೊಂದು ಪ್ರಶ್ನೆ, ನೀವು ನಿಜಕ್ಕೂ ನೌಕರರೋ, ಕನ್ಸಲ್ಟೆಂಟೋ ಎಂಬುದು. ನೇಮಕಾತಿ ಪತ್ರದ ಜೊತೆಗೆ ಆದಾಯ ತೆರಿಗೆಯ ಫಾರ್ಮ್ 26ಎಎಸ್ ತೆಗೆದು ನೋಡಿ. ಮೂಲದಲ್ಲಿ ಕಡಿತ ಮಾಡಿದ ತೆರಿಗೆ, ಅಂದರೆ ಟಿಡಿಎಸ್, ಸಂಬಳದ ಹೆಸರಿನಲ್ಲಿದೆಯೋ ವೃತ್ತಿಪರ ಶುಲ್ಕದ ಹೆಸರಿನಲ್ಲಿದೆಯೋ ಎಂಬುದು ಅಲ್ಲಿ ಕಾಣುತ್ತದೆ. ಶುಲ್ಕ ಎಂದಿದ್ದ ಮಾತ್ರಕ್ಕೆ ಆಸೆ ಬಿಡಬೇಕಿಲ್ಲ. ನಿಗದಿತ ಹೊತ್ತು, ಹಾಜರಾತಿ, ರಜೆಗೆ ಅನುಮತಿ, ಒಬ್ಬರೇ ಯಜಮಾನರು ಇದ್ದರೆ ನೌಕರ ಎಂದು ವಾದಿಸಲು ಜಾಗವಿದೆ. ಆದರೆ ಆ ವಾದಕ್ಕೆ ಮೊದಲೇ ವಕೀಲರ ಸಲಹೆ ಬೇಕು.

## ಹಂತ 1: ಕಾಗದ ಕೂಡಿಸಿ, ಲೆಕ್ಕ ಬರೆಯಿರಿ

ಈ ಕೆಲಸವನ್ನು ಸಂಬಳ ತಪ್ಪಿದ ಮೊದಲ ವಾರದಲ್ಲೇ ಮುಗಿಸಿ. ಜಗಳ ಶುರುವಾದ ಮೇಲೆ ಮೊದಲು ಮುಚ್ಚುವುದು ನಿಮ್ಮ ಆಫೀಸ್ ಮೇಲ್ ಮತ್ತು ಎಚ್‌ಆರ್ ಪೋರ್ಟಲ್. ಬಹಳ ಜನ ಎಡವುವುದು ಇಲ್ಲೇ. ಪೇ ಸ್ಲಿಪ್ ಎಲ್ಲ ಪೋರ್ಟಲ್‌ನಲ್ಲಿ ಇದೆಯಲ್ಲ ಎಂದುಕೊಂಡಿರುತ್ತಾರೆ, ಒಂದು ಬೆಳಗ್ಗೆ ಲಾಗಿನ್ ಆಗುವುದೇ ಇಲ್ಲ.

ನೇಮಕಾತಿ ಪತ್ರ, ಕೊನೆಯ ಬಾರಿ ಸಂಬಳ ಹೆಚ್ಚಿಸಿದ ಪತ್ರ, ಸಿಕ್ಕಷ್ಟು ಪೇ ಸ್ಲಿಪ್‌ಗಳು, ಒಂದು ವರ್ಷದ ಬ್ಯಾಂಕ್ ಸ್ಟೇಟ್‌ಮೆಂಟ್, ಪಿಎಫ್ ಪಾಸ್‌ಬುಕ್, ಬಾಕಿ ತಿಂಗಳುಗಳ ಹಾಜರಾತಿ ದಾಖಲೆ, ಇಷ್ಟನ್ನು ಸ್ವಂತ ಕಂಪ್ಯೂಟರಿನಲ್ಲಿ ಇಟ್ಟುಕೊಳ್ಳಿ. ಸಂಬಳದ ಬಗ್ಗೆ ವಾಟ್ಸ್‌ಆಪ್‌ನಲ್ಲಿ ಮಾತು ನಡೆದಿದ್ದರೆ ತಾರೀಕು ಮತ್ತು ನಂಬರ್ ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆಯಿರಿ. ಆ ಫೋನಿನಿಂದ ಮೂಲ ಸಂದೇಶ ಅಳಿಸಬೇಡಿ. ಎಚ್ಚರ: ನಿಮಗೆ ಸಂಬಂಧಿಸಿದ ಕಾಗದ ಮಾತ್ರ ತೆಗೆದುಕೊಳ್ಳಿ. ಕ್ಲೈಂಟ್ ಫೈಲು, ಕಂಪನಿಯ ಲೆಕ್ಕಪತ್ರ, ಬೇರೆಯವರ ಪೇ ಸ್ಲಿಪ್ ನಿಮ್ಮ ಖಾಸಗಿ ಮೇಲ್‌ಗೆ ಕಳಿಸಿಕೊಂಡರೆ ಸಂಬಳದ ಪ್ರಶ್ನೆ ಬದಿಗೆ ಸರಿದು ಡೇಟಾ ಕದ್ದ ಆರೋಪ ಮುಂದೆ ಬರುತ್ತದೆ.

ಪೇ ಸ್ಲಿಪ್ ಬಂದಿದೆ, ಹಣ ಬಂದಿಲ್ಲ ಎಂದಾದರೆ ಬೇಸರ ಪಡಬೇಡಿ. ಆ ಪೇ ಸ್ಲಿಪ್ ಮತ್ತು ಅದೇ ಅವಧಿಯ ಬ್ಯಾಂಕ್ ಸ್ಟೇಟ್‌ಮೆಂಟ್ ಎರಡನ್ನೂ ಪಕ್ಕಪಕ್ಕ ಇಟ್ಟರೆ ಅದಕ್ಕಿಂತ ಗಟ್ಟಿ ಸಾಕ್ಷ್ಯ ಇನ್ನೊಂದಿಲ್ಲ. ಇಷ್ಟು ಕೊಡಬೇಕು ಎಂದು ಕಂಪನಿಯೇ ಬರೆದುಕೊಟ್ಟಂತಾಯಿತು. ಸಂಬಳ ಬಂದಿಲ್ಲ ಎಂದು ಅರ್ಜಿ ಹಾಕಿದ ಮೇಲೆ, ಕೊಟ್ಟಿದ್ದೇವೆ ಎಂದು ಸಾಬೀತು ಮಾಡುವ ಹೊಣೆಯನ್ನು ಸಂಹಿತೆ ಮಾಲೀಕರ ಮೇಲೆಯೇ ಹಾಕಿದೆ.

ಇನ್ನು ಲೆಕ್ಕ. ಒಂದು ಉದಾಹರಣೆ ತೆಗೆದುಕೊಳ್ಳೋಣ. ಬೆಂಗಳೂರಿನ 40 ಜನರ ಕಂಪನಿಯೊಂದರಲ್ಲಿ ಒಬ್ಬ ಉದ್ಯೋಗಿಯ ತಿಂಗಳ ಒಟ್ಟು ಸಂಬಳ 42,000 ರೂ. ಎಂದಿಟ್ಟುಕೊಳ್ಳಿ: ಮೂಲ ವೇತನ 21,000, ಮನೆ ಬಾಡಿಗೆ ಭತ್ಯೆ 8,400, ಪ್ರಯಾಣ ಭತ್ಯೆ 1,600, ವಿಶೇಷ ಭತ್ಯೆ 11,000. ಅದರಲ್ಲಿ ಪಿಎಫ್ 1,800, ವೃತ್ತಿ ತೆರಿಗೆ 200 ಕಳೆದು ಕೈಗೆ 40,000. ಜೂನ್‌ನಲ್ಲಿ ಅರ್ಧ ಬಂತು, ಜುಲೈ, ಆಗಸ್ಟ್ ಏನೂ ಬರಲಿಲ್ಲ.

| ತಿಂಗಳು | ಕೊನೆಯ ದಿನ | ಬರಬೇಕಿದ್ದದ್ದು | ಬಂದದ್ದು | ಬಾಕಿ |
|---|---|---|---|---|
| ಜೂನ್ | ಜುಲೈ 7 | 40,000 | 20,000 | 20,000 |
| ಜುಲೈ | ಆಗಸ್ಟ್ 7 | 40,000 | 0 | 40,000 |
| ಆಗಸ್ಟ್ | ಸೆಪ್ಟೆಂಬರ್ 7 | 40,000 | 0 | 40,000 |
| ಒಟ್ಟು | | 1,20,000 | 20,000 | 1,00,000 |

ಇಲ್ಲಿ ಎರಡು ವಿಷಯ ಗಮನಿಸಿ. ಮನೆ ಬಾಡಿಗೆ ಭತ್ಯೆ, ಪ್ರಯಾಣ ಭತ್ಯೆ 'ವೇತನ'ಕ್ಕೆ ಸೇರುವುದಿಲ್ಲ ಎಂದು ಕೆಲವರು ವಾದಿಸುತ್ತಾರೆ. ಪಿಎಫ್, ಗ್ರಾಚ್ಯುಟಿ ಲೆಕ್ಕಕ್ಕೆ ಅದು ನಿಜ ಇರಬಹುದು, ಆದರೆ ಸಂಬಳ ಪಾವತಿಯ ಪ್ರಶ್ನೆ ಬಂದಾಗ ಇವೆರಡನ್ನೂ ಸೇರಿಸಬೇಕೆಂದು ಸಂಹಿತೆಯೇ ಹೇಳುತ್ತದೆ. ಎರಡನೆಯದು, ವರ್ಷದ ಇನ್ಸೆಂಟಿವ್, ಬೋನಸ್, ಟ್ಯಾಕ್ಸಿ ಬಿಲ್ ಮರುಪಾವತಿ ಇತ್ಯಾದಿಗಳನ್ನು ಈ ಪಟ್ಟಿಗೆ ಬೆರೆಸಬೇಡಿ. ಅವುಗಳಿಗೆ ಬೇರೆ ಹಾಳೆ ಇರಲಿ. ತಕರಾರು ಇರುವ 15,000 ರೂ. ಇನ್ಸೆಂಟಿವ್ ಅನ್ನು ತಕರಾರೇ ಇಲ್ಲದ ಒಂದು ಲಕ್ಷದ ಜೊತೆ ಕಲಸಿದರೆ, 'ಮೊತ್ತವೇ ಒಪ್ಪಿತವಲ್ಲ' ಎಂದು ಇಡೀ ಬಾಕಿಯನ್ನು ತಳ್ಳಿಹಾಕಲು ಕಂಪನಿಗೆ ದಾರಿಯಾಗುತ್ತದೆ.

## ಹಂತ 2: ನೆನಪಿನ ಮೇಲ್

8ರಿಂದ 10ನೇ ತಾರೀಕಿನ ನಡುವೆ ಕಳಿಸಿ. ಎಚ್‌ಆರ್ ಮತ್ತು ಅಕೌಂಟ್ಸ್ ಇಬ್ಬರಿಗೂ ಹೋಗಲಿ, ನಿಮ್ಮ ಮ್ಯಾನೇಜರ್‌ಗೆ ಪ್ರತಿ ಇರಲಿ, ನಿಮ್ಮ ಖಾಸಗಿ ವಿಳಾಸಕ್ಕೆ ಗುಪ್ತ ಪ್ರತಿ ಇರಲಿ. ಬಾಯಿಮಾತಿನಲ್ಲಿ, ಫೋನಿನಲ್ಲಿ ಕೇಳಿದ್ದಕ್ಕೆ ಮುಂದೆ ಲೆಕ್ಕವಿಲ್ಲ. ಫೋನಿನಲ್ಲಿ ಮಾತಾಡಲೇಬೇಕಾದರೆ ಆಮೇಲೆ 'ಈಗ ಫೋನಿನಲ್ಲಿ ತಾವು ಹೇಳಿದಂತೆ 20ನೇ ತಾರೀಕಿಗೆ ಜುಲೈ ಸಂಬಳ ಆಗುತ್ತದೆ' ಎಂದು ಎರಡು ಸಾಲು ಮೇಲ್ ಹಾಕಿ. ಅವರು ಉತ್ತರಿಸದಿದ್ದರೂ ಆ ಮೇಲ್ ದಾಖಲೆಯಾಗಿ ಉಳಿಯುತ್ತದೆ.

ಮೇಲ್ ಚಿಕ್ಕದಿರಲಿ. ಆಫೀಸಿನಲ್ಲಿ ಇಂಗ್ಲಿಷ್ ನಡೆಯುವುದಾದರೆ ಇದೇ ವಿಷಯವನ್ನು ಇಂಗ್ಲಿಷಿನಲ್ಲಿ ಬರೆಯಿರಿ:

> ವಿಷಯ: ಜುಲೈ ತಿಂಗಳ ಸಂಬಳ ಬಾಕಿ – ಉದ್ಯೋಗಿ ಸಂಖ್ಯೆ ____
>
> ಮಾನ್ಯರೇ,
>
> ಜುಲೈ ತಿಂಗಳ ನನ್ನ ಸಂಬಳ ರೂ. 40,000 (ಕಡಿತದ ನಂತರ) ಆಗಸ್ಟ್ 7ರೊಳಗೆ ಬರಬೇಕಿತ್ತು, ಇಂದಿನವರೆಗೆ ಖಾತೆಗೆ ಜಮಾ ಆಗಿಲ್ಲ. ಜೂನ್ ತಿಂಗಳ ರೂ. 20,000 ಕೂಡ ಬಾಕಿ ಇದೆ. ಒಟ್ಟು ಬಾಕಿ ರೂ. 60,000. ಯಾವ ತಾರೀಕಿಗೆ ಜಮಾ ಆಗುತ್ತದೆ ಎಂಬುದನ್ನು ದಯವಿಟ್ಟು ಈ ಮೇಲ್‌ಗೆ ಉತ್ತರವಾಗಿ ತಿಳಿಸಿ.

ಇಷ್ಟೇ ಸಾಕು. ಮನೆ ಬಾಡಿಗೆ, ಇಎಂಐ, ಅಮ್ಮನ ಔಷಧಿ ಎಂದೆಲ್ಲ ಬರೆಯಬೇಡಿ. ಕಷ್ಟ ಹೇಳಿಕೊಂಡರೆ ಅದು ಕೋರಿಕೆಯಂತೆ ಕಾಣುತ್ತದೆ, ಮತ್ತು ಉತ್ತರವಾಗಿ ಅನುಕಂಪ ಬರುತ್ತದೆ, ತಾರೀಕು ಬರುವುದಿಲ್ಲ. ಬೈಗುಳ, 'ಪೊಲೀಸಿಗೆ ಹೋಗುತ್ತೇನೆ', 'ಲಿಂಕ್ಡ್‌ಇನ್‌ನಲ್ಲಿ ಹಾಕುತ್ತೇನೆ' ಎಂಬ ಮಾತು ಕೂಡ ಬೇಡ. ಅಧಿಕಾರಿಯ ಮುಂದೆ ಈ ಮೇಲ್ ಓದುವ ದಿನ ಬಂದೀತು.

ಈ ಹಂತದಲ್ಲಿ ಸಾಮಾನ್ಯವಾಗಿ ಒಂದು ತುಣುಕು ಹಣ ಬರುತ್ತದೆ. ತೆಗೆದುಕೊಳ್ಳಿ, ಬೇಡ ಎನ್ನುವ ಅಗತ್ಯವಿಲ್ಲ. ಆದರೆ ಅದೇ ದಿನ 'ರೂ. 20,000 ಬಂದಿದೆ, ಜೂನ್ ತಿಂಗಳ ಭಾಗಶಃ ಸಂಬಳವೆಂದು ಪರಿಗಣಿಸಿದ್ದೇನೆ, ಉಳಿದ ರೂ. 20,000 ಬಾಕಿ ಇದೆ' ಎಂದು ಉತ್ತರಿಸಿ. ಇಲ್ಲದಿದ್ದರೆ ಅದು ಅಡ್ವಾನ್ಸ್ ಎಂದೋ, ಪೂರ್ಣ ಪಾವತಿ ಎಂದೋ ಆರು ತಿಂಗಳ ನಂತರ ಬಣ್ಣ ಬದಲಿಸಬಹುದು.

## ಹಂತ 3: ಗಡುವು ಕೊಟ್ಟು ಬೇಡಿಕೆ ಪತ್ರ

ಮೊದಲ ಮೇಲ್‌ಗೆ ಒಂದು ವಾರದಲ್ಲಿ ತಾರೀಕಿನ ಸಮೇತ ಉತ್ತರ ಬರದಿದ್ದರೆ, ಅಥವಾ ಕೊಟ್ಟ ತಾರೀಕು ತಪ್ಪಿದರೆ, ಎರಡನೇ ಮೇಲ್ ನಿರ್ದೇಶಕರಿಗೆ ಹೋಗಲಿ. ಅದರಲ್ಲಿ ಮೇಲಿನ ಪಟ್ಟಿಯನ್ನು ಹಾಕಿ, ಹಿಂದಿನ ಮೇಲ್‌ಗಳ ತಾರೀಕು ನಮೂದಿಸಿ, ಏಳು ದಿನದ ಗಡುವು ಬರೆಯಿರಿ. ಮೂರನೇ ಮೇಲ್ ಬರೆಯಬೇಡಿ. ಎಂಟು ಹತ್ತು ನೆನಪೋಲೆ ಕಳಿಸಿ ವರ್ಷ ಕಳೆಯುವವರೇ ಹೆಚ್ಚು, ಅಷ್ಟರಲ್ಲಿ ಕಂಪನಿಯ ಖಾತೆ ಬರಿದಾಗಿರುತ್ತದೆ.

ಗಡುವು ಮುಗಿದ ಮೇಲೆ ಅದನ್ನೇ ಕಾಗದದ ಮೇಲೆ ಇಳಿಸಿ ಅಂಚೆಯಲ್ಲಿ ಕಳಿಸಿ. ದೂರಿಗೆ ಮುಂಚೆ ನೋಟಿಸ್ ಕೊಡಲೇಬೇಕು ಎಂದೇನೂ ಇಲ್ಲ, ವಕೀಲರ ಲೆಟರ್‌ಹೆಡ್ ಕೂಡ ಕಡ್ಡಾಯವಲ್ಲ. ಆದರೂ ಕಳಿಸುವುದು ಒಳ್ಳೆಯದು, ಏಕೆಂದರೆ 'ನಮಗೆ ಗೊತ್ತೇ ಇರಲಿಲ್ಲ' ಎನ್ನುವ ಮಾತು ಅಲ್ಲಿಗೆ ನಿಲ್ಲುತ್ತದೆ. ವಿಳಾಸ ಮಾತ್ರ ಸರಿಯಾಗಿರಬೇಕು. ನೀವು ಕೂತು ಕೆಲಸ ಮಾಡುವ ಜಾಗ ಮತ್ತು ಕಂಪನಿಯ ನೋಂದಾಯಿತ ಕಚೇರಿ ಎಷ್ಟೋ ಬಾರಿ ಬೇರೆ ಬೇರೆ. ನೋಂದಾಯಿತ ವಿಳಾಸ ಮತ್ತು ನಿರ್ದೇಶಕರ ಹೆಸರು mca.gov.in ಜಾಲತಾಣದ ಕಂಪನಿ ಮಾಹಿತಿ ವಿಭಾಗದಲ್ಲಿ ಸಿಗುತ್ತದೆ. ಎರಡೂ ವಿಳಾಸಕ್ಕೆ ಸ್ಪೀಡ್ ಪೋಸ್ಟ್ ಮಾಡಿ, ತಲುಪಿದ ಪುರಾವೆಯ ಸೌಲಭ್ಯವನ್ನು ಕೇಳಿ ಪಡೆಯಿರಿ. ರಸೀದಿ ಜೋಪಾನ ಮಾಡಿ, ತಲುಪಿದ ದಿನದ ಟ್ರ್ಯಾಕಿಂಗ್ ಪುಟವನ್ನು ಪ್ರಿಂಟ್ ತೆಗೆದಿಡಿ. ಆ ಪುಟ ಕೆಲವು ವಾರಗಳ ನಂತರ ಸಿಗದೇ ಹೋಗಬಹುದು. ಲಕೋಟೆ 'ಸ್ವೀಕರಿಸಲಿಲ್ಲ' ಎಂದು ವಾಪಸ್ ಬಂದರೆ ತೆರೆಯದೆ ಹಾಗೇ ಇಟ್ಟುಕೊಳ್ಳಿ.

ಈ ಅವಧಿಯಲ್ಲಿ ಕೆಲಸಕ್ಕೆ ಹೋಗುವುದನ್ನು ನಿಲ್ಲಿಸಬೇಕೆ ಎಂದು ಕೇಳುವವರಿದ್ದಾರೆ. ಕೋಪಕ್ಕೆ ಮನೆಯಲ್ಲಿ ಕೂರಬೇಡಿ. ಕೂತರೆ ಅಂದಿನಿಂದ ನೀವು ಗೈರುಹಾಜರು, ಆ ದಿನಗಳಿಗೆ ಸಂಬಳ ಕೇಳುವ ಹಕ್ಕು ಕುಸಿಯುತ್ತದೆ, ಕೆಲಸ ಬಿಟ್ಟು ಓಡಿಹೋದರು ಎಂಬ ಪತ್ರವೂ ಬರಬಹುದು. ಹೋಗಿ ಹಾಜರಾತಿ ಹಾಕಿ ಬೇರೆ ಕೆಲಸ ಹುಡುಕಿ, ಅಥವಾ ನಿಯಮದಂತೆ ರಾಜೀನಾಮೆ ಕೊಡಿ. ರಾಜೀನಾಮೆ ಪತ್ರದಲ್ಲಿ ಕಾರಣ 'ಜೂನ್‌ನಿಂದ ಸಂಬಳ ಪಾವತಿಯಾಗದಿರುವುದು' ಎಂದೇ ಬರೆಯಿರಿ, 'ವೈಯಕ್ತಿಕ ಕಾರಣ' ಎಂದು ಬೇಡ.

ರಾಜೀನಾಮೆ ಕೊಟ್ಟವರ ಬಾಕಿ ವೇತನವನ್ನು ಎರಡು ಕೆಲಸದ ದಿನಗಳಲ್ಲಿ ಕೊಡಬೇಕು ಎಂದು ಸಂಹಿತೆ ಹೇಳುತ್ತದೆ. ಕೆಲಸದಿಂದ ತೆಗೆದರೂ ಇದೇ ನಿಯಮ. 'ಫುಲ್ ಅಂಡ್ ಫೈನಲ್‌ಗೆ 45 ದಿನ ಬೇಕು' ಎಂಬುದು ಕಂಪನಿಗಳು ಮಾಡಿಕೊಂಡ ರೂಢಿ. ಇಲ್ಲಿ ಇನ್ನೊಂದು ಬಲೆ ಇದೆ: ಅನುಭವ ಪತ್ರ ಕೊಡಬೇಕಾದರೆ 'ಯಾವ ಬಾಕಿಯೂ ಇಲ್ಲ' ಎಂಬ ಕಾಗದಕ್ಕೆ ಮೊದಲು ಸಹಿ ಹಾಕಿ ಎನ್ನುತ್ತಾರೆ. ಹಾಕಲೇಬೇಕಾದ ಸಂದರ್ಭ ಬಂದರೆ ಸಹಿಯ ಮೇಲೆ 'ರೂ. 1,00,000 ಬಾಕಿ ಸಂಬಳ ಖಾತೆಗೆ ಜಮಾ ಆದ ನಂತರ ಮಾತ್ರ ಅನ್ವಯ' ಎಂದು ಕೈಬರಹದಲ್ಲಿ ಬರೆದು, ಫೋಟೋ ತೆಗೆದುಕೊಂಡು ಕೊಡಿ. ನೋಟಿಸ್ ಅವಧಿ ಪೂರೈಸದೆ ಹೊರಟಿದ್ದರೆ ಆ ದಿನಗಳ ಹಣವನ್ನು ಕಂಪನಿ ಮುರಿದುಕೊಳ್ಳಲು ನೋಡುತ್ತದೆ. ಯಾವ ಷರತ್ತಿನ ಪ್ರಕಾರ, ಎಷ್ಟು ದಿನಕ್ಕೆ, ಎಷ್ಟು ಎಂಬ ಲೆಕ್ಕವನ್ನು ಬರಹದಲ್ಲಿ ಕೇಳಿ.

## ಹಂತ 4: ಕಾರ್ಮಿಕ ಇಲಾಖೆಗೆ ದೂರು

ಯಾವ ಕಚೇರಿ ಎಂಬುದು ಮೊದಲ ಪ್ರಶ್ನೆ. ಸಾಮಾನ್ಯ ಖಾಸಗಿ ಕಂಪನಿ, ಅಂಗಡಿ, ಹೋಟೆಲ್, ಐಟಿ ಸಂಸ್ಥೆ, ಆಸ್ಪತ್ರೆ ಇವೆಲ್ಲ ರಾಜ್ಯ ಕಾರ್ಮಿಕ ಇಲಾಖೆಯ ವ್ಯಾಪ್ತಿ. ಬೆಂಗಳೂರಿನಲ್ಲಿ ಇಲಾಖೆಯ ಮುಖ್ಯ ಕಚೇರಿ ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನ. ಜಿಲ್ಲೆಗಳಲ್ಲಿ ಕಾರ್ಮಿಕ ಅಧಿಕಾರಿ, ಅವರ ಕೆಳಗೆ ಪ್ರದೇಶವಾರು ಕಾರ್ಮಿಕ ನಿರೀಕ್ಷಕರು ಇರುತ್ತಾರೆ. ಜನ ಈಗಲೂ ಲೇಬರ್ ಇನ್‌ಸ್ಪೆಕ್ಟರ್ ಎಂದೇ ಕರೆಯುವ ಅಧಿಕಾರಿ ಇವರು. ನೀವು ಕೆಲಸ ಮಾಡುವ ಜಾಗ ಯಾವ ನಿರೀಕ್ಷಕರಿಗೆ ಸೇರುತ್ತದೆ ಎಂದು ಇಲಾಖೆಯ ಸಹಾಯವಾಣಿ 155214ಕ್ಕೆ ಕರೆ ಮಾಡಿ ಕೇಳಬಹುದು. ಪ್ರಧಾನ ಕಚೇರಿ ಮುಂಬೈಯಲ್ಲೋ ಗುರುಗ್ರಾಮದಲ್ಲೋ ಇದ್ದರೂ ನೀವು ಕೆಲಸ ಮಾಡುವ ಊರಿನಲ್ಲೇ ದೂರು. ಮನೆಯಿಂದಲೇ ಕೆಲಸ ಮಾಡುವವರು ನೇಮಕಾತಿ ಪತ್ರದಲ್ಲಿ ಬರೆದ ಕಚೇರಿಯ ಪ್ರದೇಶವನ್ನು ಹಿಡಿಯುವುದು ಸುರಕ್ಷಿತ.

ಬ್ಯಾಂಕು, ವಿಮೆ, ರೈಲ್ವೆ, ಗಣಿ, ದೊಡ್ಡ ಬಂದರು, ವಿಮಾನ ಸೇವೆ, ಕೇಂದ್ರ ಸರ್ಕಾರದ ಉದ್ದಿಮೆ ಇವುಗಳಲ್ಲಿ ಇರುವವರು ಕೇಂದ್ರದ ಪ್ರಾದೇಶಿಕ ಕಾರ್ಮಿಕ ಆಯುಕ್ತರ ಬಳಿ ಹೋಗಬೇಕು. samadhan.labour.gov.in ಜಾಲತಾಣದಲ್ಲಿ ಆನ್‌ಲೈನ್‌ನಲ್ಲೂ ಸಲ್ಲಿಸಬಹುದು. ತಪ್ಪು ಕಚೇರಿಗೆ ಕೊಟ್ಟರೆ ದೂರು ಬಿದ್ದುಹೋಗುವುದಿಲ್ಲ, ಆದರೆ 'ನಮ್ಮ ವ್ಯಾಪ್ತಿಯಲ್ಲ' ಎಂಬ ಹಿಂಬರಹ ಬರುವುದಕ್ಕೇ ಎರಡು ತಿಂಗಳು ಹೋಗಬಹುದು.

ಗುತ್ತಿಗೆದಾರರ ಮೂಲಕ ಕೆಲಸಕ್ಕೆ ಬಂದವರು, ಉದಾಹರಣೆಗೆ ಸೆಕ್ಯುರಿಟಿ, ಹೌಸ್‌ಕೀಪಿಂಗ್, ಸ್ಟಾಫಿಂಗ್ ಏಜೆನ್ಸಿಯವರು, ದೂರಿನಲ್ಲಿ ಏಜೆನ್ಸಿಯ ಜೊತೆಗೆ ನೀವು ನಿಜವಾಗಿ ದುಡಿದ ಸಂಸ್ಥೆಯ ಹೆಸರನ್ನೂ ಎರಡನೇ ಪ್ರತಿವಾದಿಯಾಗಿ ಬರೆಯಿರಿ. ಏಜೆನ್ಸಿ ಕೊಡದಿದ್ದರೆ ಆ ಸಂಸ್ಥೆಯೇ ಕೊಡಬೇಕು ಎಂದು ಸಂಹಿತೆಯಲ್ಲಿದೆ. ಏಜೆನ್ಸಿಯವರ ಬಾಗಿಲು ಹಾಕಿರಬಹುದು, ದುಡಿದ ಸಂಸ್ಥೆಯ ಗೇಟು ತೆರೆದೇ ಇರುತ್ತದೆ.

ದೂರು ಎರಡು ಪುಟ ಮೀರದಿರಲಿ. ನಿಮ್ಮ ಹೆಸರು, ವಿಳಾಸ, ಫೋನ್, ಕಂಪನಿಯ ಹೆಸರು ಹಾಗೂ ಎರಡೂ ವಿಳಾಸ, ಸೇರಿದ ದಿನ, ಹುದ್ದೆ, ಸಂಬಳ, ಬಾಕಿಯ ಪಟ್ಟಿ, ಕೇಳಿದ ಮೇಲ್‌ಗಳ ತಾರೀಕು ಮತ್ತು ಕೊನೆಯಲ್ಲಿ 'ಬಾಕಿ ರೂ. 1,00,000 ಕೊಡಿಸಬೇಕು' ಎಂಬ ಕೋರಿಕೆ. ಕನ್ನಡದಲ್ಲೇ ಬರೆಯಿರಿ, ಅಲ್ಲಿ ಅದು ಸಲೀಸು. ಲಗತ್ತುಗಳಿಗೆ ಕ್ರಮ ಸಂಖ್ಯೆ ಹಾಕಿ. ಮೂರು ಸೆಟ್ ಮಾಡಿ: ಕಚೇರಿಗೊಂದು, ಕಂಪನಿಗೆ ಕಳಿಸಲೊಂದು, ನಿಮಗೊಂದು. ಟಪಾಲು ವಿಭಾಗದಲ್ಲಿ ಕೊಟ್ಟು ನಿಮ್ಮ ಪ್ರತಿಯ ಮೇಲೆ ಮೊಹರು, ತಾರೀಕು, ಟಪಾಲು ಸಂಖ್ಯೆ ಹಾಕಿಸಿಕೊಳ್ಳದೆ ಅಲ್ಲಿಂದ ಏಳಬೇಡಿ. ಮೊಹರಿಲ್ಲದ ದೂರು ಕೊಟ್ಟಿಲ್ಲದ ದೂರಿಗೆ ಸಮ.

ಒಬ್ಬರೇ ಅಲ್ಲ, ಹತ್ತು ಜನಕ್ಕೆ ಬಾಕಿ ಇದ್ದರೆ ಒಟ್ಟಿಗೆ ಹೋಗಿ. ಕಡತದ ತೂಕವೇ ಬೇರೆಯಾಗುತ್ತದೆ. ಪ್ರತಿಯೊಬ್ಬರ ಬಾಕಿಯ ಪಟ್ಟಿ ಮಾತ್ರ ಪ್ರತ್ಯೇಕ ಇರಲಿ, ಏಕೆಂದರೆ ಮಧ್ಯದಲ್ಲಿ ಕೆಲವರಿಗೆ ಮಾತ್ರ ಹಣ ಕೊಟ್ಟು ಗುಂಪು ಒಡೆಯುವುದು ಕಂಪನಿಗಳ ಹಳೆಯ ಉಪಾಯ.

ಮುಂದೆ ನಡೆಯುವುದು ಹೀಗೆ. ಕಚೇರಿಯಿಂದ ಕಂಪನಿಗೆ ನೋಟಿಸ್ ಹೋಗುತ್ತದೆ, ಒಂದು ದಿನ ಇಬ್ಬರನ್ನೂ ಕರೆಯುತ್ತಾರೆ. ಕಂಪನಿಯಿಂದ ಸಾಮಾನ್ಯವಾಗಿ ಎಚ್‌ಆರ್ ಅಥವಾ ಅವರ ಕನ್ಸಲ್ಟೆಂಟ್ ಬಂದು ಸಮಯ ಕೇಳುತ್ತಾರೆ. ನೀವು ಪ್ರತಿ ದಿನಾಂಕಕ್ಕೂ ತಪ್ಪದೆ ಹೋಗಿ, ದೂರುದಾರರೇ ಬರಲಿಲ್ಲ ಎಂದು ಕಡತ ಮುಚ್ಚಲು ಅವಕಾಶ ಕೊಡಬೇಡಿ. ಎಷ್ಟೋ ಸಣ್ಣ ಬಾಕಿಗಳು ಈ ಮೇಜಿನ ಮುಂದೆಯೇ ತೀರುತ್ತವೆ.

ಕಂತಿನಲ್ಲಿ ಕೊಡುತ್ತೇವೆ ಎಂದರೆ ಒಪ್ಪಬಹುದು. ಆದರೆ ಯಾವ ತಾರೀಕಿಗೆ ಎಷ್ಟು ಎಂಬುದು ಅಧಿಕಾರಿಯ ಮುಂದೆ ಬರಹಕ್ಕಿಳಿದು ಇಬ್ಬರ ಸಹಿಯೂ ಬೀಳಬೇಕು. ಮುಂದಿನ ತಾರೀಕು ಹಾಕಿದ ಚೆಕ್ ಕೊಟ್ಟರೆ ಅದನ್ನೂ ತೆಗೆದುಕೊಳ್ಳಿ, ಅದರಲ್ಲೊಂದು ಲಾಭವಿದೆ. ಚೆಕ್ ಮೇಲಿನ ತಾರೀಕಿನಿಂದ ಮೂರು ತಿಂಗಳೊಳಗೆ ಬ್ಯಾಂಕಿಗೆ ಹಾಕಿ. ಹಣವಿಲ್ಲವೆಂದು ವಾಪಸ್ ಬಂದರೆ, ಬ್ಯಾಂಕಿನ ಮೆಮೊ ಕೈಸೇರಿದ 30 ದಿನದೊಳಗೆ ನೋಟಿಸ್ ಕಳಿಸಬೇಕು. ನೋಟಿಸ್ ತಲುಪಿದ 15 ದಿನದಲ್ಲಿ ಹಣ ಬರದಿದ್ದರೆ ಅಲ್ಲಿಂದ ಒಂದು ತಿಂಗಳೊಳಗೆ ಕೋರ್ಟಿನಲ್ಲಿ ಚೆಕ್ ಬೌನ್ಸ್ ಪ್ರಕರಣ ಹೂಡಬಹುದು. ಈ ಮೂರು ಗಡುವಿನಲ್ಲಿ ಒಂದು ತಪ್ಪಿದರೂ ಆ ದಾರಿ ಕಷ್ಟವಾಗುತ್ತದೆ. ದೂರು ಹಿಂಪಡೆಯುವ ಪತ್ರವನ್ನು ಕೊನೆಯ ಕಂತು ಖಾತೆಗೆ ಬಂದ ಮೇಲೆ ಕೊಡಿ, ಚೆಕ್ ಕೈಗೆ ಬಂದಾಗಲ್ಲ.

ಪಿಎಫ್ ವಿಷಯ ಈ ಕಚೇರಿಯದ್ದಲ್ಲ. ಸಂಬಳದಿಂದ ಮುರಿದ ಪಿಎಫ್ ಮುಂದಿನ ತಿಂಗಳ 15ರೊಳಗೆ ಜಮಾ ಆಗಿರಬೇಕು. ಪಾಸ್‌ಬುಕ್‌ನಲ್ಲಿ ಆ ತಿಂಗಳು ಖಾಲಿ ಇದ್ದರೆ epfigms.gov.in ಮೂಲಕ ಪಿಎಫ್ ಸಂಸ್ಥೆಗೆ ಬೇರೆ ದೂರು ಹಾಕಿ.

## ಹಂತ 5: ಪ್ರಾಧಿಕಾರದ ಮುಂದೆ ಕ್ಲೇಮ್ ಅರ್ಜಿ

ಕಂಪನಿ ಬರಲೇ ಇಲ್ಲ, ಅಥವಾ ಬಂದು 'ಕೊಡುವುದಿಲ್ಲ' ಎಂದಿತು. ಆಗ ದೂರನ್ನು ಹಿಡಿದು ಕೂರದೆ ಕ್ಲೇಮ್ ಅರ್ಜಿಗೆ ಬನ್ನಿ. ಎರಡಕ್ಕೂ ವ್ಯತ್ಯಾಸವಿದೆ. ನಿರೀಕ್ಷಕರ ಬಳಿಯ ದೂರು ರಾಜಿ ಮತ್ತು ತಪಾಸಣೆಗೆ ದಾರಿ. ಕ್ಲೇಮ್ ಅರ್ಜಿ ಎಂದರೆ ಇಷ್ಟು ಹಣ ಕೊಡಿ ಎಂದು ಆದೇಶ ಮಾಡುವ ಅಧಿಕಾರವಿರುವ, ಸರ್ಕಾರ ನೇಮಿಸಿದ ಗೆಜೆಟೆಡ್ ಅಧಿಕಾರಿಯ ಮುಂದಿನ ವಿಚಾರಣೆ. ಇವರನ್ನೇ ಪ್ರಾಧಿಕಾರ ಎನ್ನುವುದು. ನಿಮ್ಮ ಪ್ರದೇಶಕ್ಕೆ ಯಾರು, ಅರ್ಜಿಯ ನಮೂನೆ ಯಾವುದು ಎಂಬುದನ್ನು ಕಾರ್ಮಿಕ ಅಧಿಕಾರಿಯ ಕಚೇರಿಯಲ್ಲೇ ಕೇಳಿ ಪಡೆಯಿರಿ.

ಅರ್ಜಿಯನ್ನು ನೀವೇ ಹಾಕಬಹುದು, ನೀವು ಸದಸ್ಯರಾಗಿರುವ ನೋಂದಾಯಿತ ಸಂಘ ಹಾಕಬಹುದು, ನಿರೀಕ್ಷಕರೂ ಹಾಕಬಹುದು. ಒಂದೇ ಸಂಸ್ಥೆಯ ಹಲವರ ಪರವಾಗಿ ಒಂದೇ ಅರ್ಜಿ ಸಾಕು. ಗಡುವು ಮೂರು ವರ್ಷ, ಮತ್ತು ಅದು ಪ್ರತಿ ತಿಂಗಳ ಬಾಕಿಗೂ ಬೇರೆ ಬೇರೆ ಓಡುತ್ತದೆ. ನಮ್ಮ ಉದಾಹರಣೆಯಲ್ಲಿ ಜೂನ್ ಬಾಕಿಯ ಗಡಿಯಾರ ಜುಲೈ 7ರ ನಂತರ ಶುರುವಾದರೆ, ಆಗಸ್ಟ್ ಬಾಕಿಯದ್ದು ಸೆಪ್ಟೆಂಬರ್ 7ರ ನಂತರ. ಮೂರು ವರ್ಷ ಇದೆಯಲ್ಲ ಎಂದು ಕಾಯಬೇಡಿ, ಸಂಬಳ ತಡೆಯುವ ಕಂಪನಿ ಮೂರು ವರ್ಷ ಉಳಿಯುವುದೇ ಅಪರೂಪ.

ಬಾಕಿಯ ಜೊತೆಗೆ ಪರಿಹಾರವನ್ನೂ ಕೇಳಿ. ಕ್ಲೇಮ್ ಮೊತ್ತದ ಹತ್ತು ಪಟ್ಟಿನವರೆಗೆ ಪರಿಹಾರ ಕೊಡಿಸುವ ಅಧಿಕಾರ ಪ್ರಾಧಿಕಾರಕ್ಕಿದೆ. 'ವರೆಗೆ' ಎಂಬುದನ್ನು ಮರೆಯಬೇಡಿ. ಒಂದು ಲಕ್ಷಕ್ಕೆ ಹತ್ತು ಲಕ್ಷ ಸಿಗುತ್ತದೆ ಎಂದು ಲೆಕ್ಕ ಹಾಕಿ ರಾಜಿಯ ಮೇಜಿನಿಂದ ಎದ್ದುಬರುವುದು ಜಾಣತನವಲ್ಲ. ಎಷ್ಟು ಕೊಡಿಸಬೇಕು ಎಂಬುದನ್ನು ಬಾಕಿ ಉಳಿದ ಸಂದರ್ಭ ನೋಡಿ ಅಧಿಕಾರಿ ತೀರ್ಮಾನಿಸುತ್ತಾರೆ. ಆದ್ದರಿಂದ ತಡದಿಂದ ಆದ ನಷ್ಟ, ಉದಾಹರಣೆಗೆ ಇಎಂಐ ಬೌನ್ಸ್ ದಂಡದ ಬ್ಯಾಂಕ್ ದಾಖಲೆ, ಇಲ್ಲಿ ಲಗತ್ತಿಸಿ. ಮೊದಲ ಮೇಲ್‌ನಲ್ಲಿ ಬರೆಯಬೇಡಿ ಎಂದಿದ್ದ ಕಷ್ಟಕ್ಕೆ ಜಾಗ ಇದು.

ಮೂರು ತಿಂಗಳಲ್ಲಿ ತೀರ್ಮಾನಿಸಲು ಪ್ರಯತ್ನಿಸಬೇಕು ಎಂದು ಸಂಹಿತೆ ಹೇಳುತ್ತದೆ. ವಾಸ್ತವದಲ್ಲಿ ಇದಕ್ಕಿಂತ ಹೆಚ್ಚು ಹಿಡಿಯಬಹುದು ಎಂದೇ ಮನಸ್ಸು ಸಿದ್ಧಮಾಡಿಕೊಳ್ಳಿ. ಆದೇಶದ ವಿರುದ್ಧ 90 ದಿನದೊಳಗೆ ಮೇಲ್ಮನವಿಗೆ ಅವಕಾಶವಿದೆ. ಆದೇಶವಾದರೂ ಕಂಪನಿ ಕೊಡದಿದ್ದರೆ ಪ್ರಾಧಿಕಾರ ಜಿಲ್ಲಾಧಿಕಾರಿಗೆ ವಸೂಲಿ ಪ್ರಮಾಣಪತ್ರ ಕಳಿಸುತ್ತದೆ, ಭೂಕಂದಾಯದ ಬಾಕಿಯಂತೆ ವಸೂಲಿ ನಡೆಯುತ್ತದೆ. ಈ ಕಡತ ಕಂದಾಯ ಇಲಾಖೆಯಲ್ಲಿ ತಾನಾಗಿ ಓಡುವುದಿಲ್ಲ. ಕಂಪನಿಯ ಬ್ಯಾಂಕ್ ಖಾತೆಯ ವಿವರವನ್ನು (ನಿಮ್ಮ ಹಳೆಯ ಸ್ಟೇಟ್‌ಮೆಂಟ್‌ನಲ್ಲಿ ಸಂಬಳ ಯಾವ ಬ್ಯಾಂಕಿನಿಂದ ಬಂತು ಎಂಬ ಸುಳಿವಿರುತ್ತದೆ) ಬರೆದುಕೊಟ್ಟು ಬೆನ್ನು ಹತ್ತಬೇಕು.

ಕಡಿಮೆ ಸಂಬಳ ಕೊಟ್ಟ ಮಾಲೀಕರಿಗೆ 50,000 ರೂಪಾಯಿವರೆಗೆ ದಂಡದ ಅವಕಾಶವೂ ಇದೆ. ಆದರೆ ಆ ದಂಡ ಸರ್ಕಾರದ ಖಜಾನೆಗೆ, ನಿಮ್ಮ ಖಾತೆಗಲ್ಲ. ಮಾಲೀಕರಿಗೆ ಪಾಠ ಕಲಿಸುವ ಹಟಕ್ಕೆ ಬಿದ್ದವರು ಇದರ ಹಿಂದೆ ಓಡಿ ಕ್ಲೇಮ್ ಅರ್ಜಿಯನ್ನು ಮರೆಯುತ್ತಾರೆ. ಪೊಲೀಸ್ ಠಾಣೆಯ ವಿಷಯವೂ ಹೀಗೇ. ಸಂಬಳ ಬಾಕಿಯನ್ನು ಅವರು ಸಾಮಾನ್ಯವಾಗಿ ಸಿವಿಲ್ ವ್ಯಾಜ್ಯ ಎಂದು ಹಿಂದಕ್ಕೆ ಕಳಿಸುತ್ತಾರೆ. ನಕಲಿ ಕಂಪನಿ, ಕೆಲಸ ಕೊಡಿಸುವುದಾಗಿ ಠೇವಣಿ ಕಿತ್ತುಕೊಂಡದ್ದು ಇಂಥ ಮೋಸವಿದ್ದರೆ ಮಾತ್ರ ಅಲ್ಲಿಗೆ ಹೋಗಿ.

ವಕೀಲರ ಖರ್ಚು ಕಷ್ಟವಾದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವನ್ನು ಕೇಳಿ, ಸಹಾಯವಾಣಿ 15100. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ, ಕೈಗಾರಿಕಾ ಕಾರ್ಮಿಕರಿಗೆ ಆದಾಯ ಎಷ್ಟೇ ಇರಲಿ ಉಚಿತ ವಕೀಲರು ಸಿಗುತ್ತಾರೆ.

## ಕಂಪನಿಯೇ ದಿವಾಳಿಯಾದರೆ

ಸಂಬಳ ನಿಂತ ಕಂಪನಿಯ ಮೇಲೆ ಬ್ಯಾಂಕೋ ಸಾಲ ಕೊಟ್ಟ ಇನ್ನೊಬ್ಬರೋ ರಾಷ್ಟ್ರೀಯ ಕಂಪನಿ ಕಾನೂನು ನ್ಯಾಯಮಂಡಳಿಗೆ, ಅಂದರೆ ಎನ್‌ಸಿಎಲ್‌ಟಿಗೆ, ಹೋಗಿರಬಹುದು. ಅರ್ಜಿ ಅಂಗೀಕಾರವಾದ ದಿನದಿಂದ ಕಂಪನಿಯ ವಿರುದ್ಧದ ಬೇರೆ ವಸೂಲಿ ಪ್ರಕರಣಗಳಿಗೆ ತಡೆ ಬೀಳುತ್ತದೆ, ನಿಮ್ಮ ಕ್ಲೇಮ್‌ಗೂ. 'ಸ್ಟೇ ಇದೆ, ಇನ್ನೇನೂ ಮಾಡಲಾಗದು' ಎಂದು ಕೈಚೆಲ್ಲುವವರು ಇಲ್ಲಿ ಹಣ ಕಳೆದುಕೊಳ್ಳುತ್ತಾರೆ. ಮಾಡಬೇಕಾದದ್ದು ಇದೆ.

ಕಂಪನಿಯ ಆಡಳಿತ ಈಗ ನ್ಯಾಯಮಂಡಳಿ ನೇಮಿಸಿದ ಪರಿಹಾರ ವೃತ್ತಿಪರರ ಕೈಯಲ್ಲಿರುತ್ತದೆ. ಆಫೀಸಿನವರು ಇವರನ್ನು ಆರ್‌ಪಿ ಎನ್ನುತ್ತಾರೆ. ಅವರು ಪತ್ರಿಕೆಯಲ್ಲಿ ಮತ್ತು ibbi.gov.in ಜಾಲತಾಣದಲ್ಲಿ ಸಾರ್ವಜನಿಕ ಪ್ರಕಟಣೆ ಹೊರಡಿಸುತ್ತಾರೆ. ಅದರಲ್ಲಿ ಕೊಟ್ಟ ಮೇಲ್ ವಿಳಾಸಕ್ಕೆ ನೌಕರರಿಗೆಂದೇ ಇರುವ ಫಾರ್ಮ್ ಡಿ ತುಂಬಿ ಕಳಿಸಿ. ಗುಂಪಾಗಿ ಒಬ್ಬ ಪ್ರತಿನಿಧಿಯ ಮೂಲಕವಾದರೆ ಫಾರ್ಮ್ ಇ. ಹಂತ 1ರಲ್ಲಿ ಮಾಡಿಟ್ಟ ಪಟ್ಟಿ, ಪೇ ಸ್ಲಿಪ್, ಬ್ಯಾಂಕ್ ಸ್ಟೇಟ್‌ಮೆಂಟ್ ಇದಕ್ಕೂ ಅವೇ ಲಗತ್ತುಗಳು. ಪ್ರಕಟಣೆಯಲ್ಲಿ ಕೊಟ್ಟ ಕೊನೆಯ ದಿನದೊಳಗೇ ಕಳಿಸಿ.

ನೀವೇ ಕಂಪನಿಯನ್ನು ಎನ್‌ಸಿಎಲ್‌ಟಿಗೆ ಎಳೆಯಬಹುದೇ ಎಂದರೆ, ಬಾಕಿ ಕನಿಷ್ಠ ಒಂದು ಕೋಟಿ ರೂಪಾಯಿ ಇರಬೇಕು. 2020ರ ಮಾರ್ಚ್‌ನಲ್ಲಿ ಮಿತಿಯನ್ನು ಒಂದು ಲಕ್ಷದಿಂದ ಕೋಟಿಗೆ ಏರಿಸಿದ ಮೇಲೆ ಒಬ್ಬೊಬ್ಬ ನೌಕರನಿಗೆ ಆ ಬಾಗಿಲು ಹೆಚ್ಚುಕಡಿಮೆ ಮುಚ್ಚಿದೆ. 'ಎನ್‌ಸಿಎಲ್‌ಟಿ ನೋಟಿಸ್ ಕಳಿಸಿಕೊಡುತ್ತೇವೆ' ಎಂದು ಶುಲ್ಕ ಕೇಳುವವರಿಗೆ ಮೊದಲು ಈ ಮಿತಿಯ ಪ್ರಶ್ನೆ ಕೇಳಿ.

ಕೊನೆಗೆ ಕಂಪನಿಯ ಆಸ್ತಿ ಮಾರಾಟಕ್ಕೆ ಬಂದರೆ ಹಣ ಹಂಚುವುದಕ್ಕೆ ಒಂದು ಸರದಿ ಇದೆ. ದಿವಾಳಿ ಪ್ರಕ್ರಿಯೆಯ ಖರ್ಚು ಮೊದಲು, ಆಮೇಲೆ ಕಾರ್ಮಿಕರ 24 ತಿಂಗಳವರೆಗಿನ ಬಾಕಿ ಅಡಮಾನದ ಮೇಲೆ ಸಾಲ ಕೊಟ್ಟವರ ಸರಿಸಮ, ಅದರ ನಂತರ ಉಳಿದ ನೌಕರರ 12 ತಿಂಗಳವರೆಗಿನ ಬಾಕಿ. ಮ್ಯಾನೇಜರ್ ದರ್ಜೆಯವರು ಸಾಮಾನ್ಯವಾಗಿ ಈ ಮೂರನೇ ಸಾಲಿನಲ್ಲಿ ನಿಲ್ಲುತ್ತಾರೆ. ಆದ್ದರಿಂದ ಫಾರ್ಮ್ ಡಿಯಲ್ಲಿ ಹುದ್ದೆಯ ಹೆಸರಷ್ಟೇ ಬರೆಯದೆ, ನೀವು ದಿನವೂ ಮಾಡುತ್ತಿದ್ದ ಕೆಲಸ ಏನು ಎಂಬುದನ್ನು ಎರಡು ಸಾಲಿನಲ್ಲಿ ಸೇರಿಸಿ. ಹೆಸರಿಗೆ 'ಮ್ಯಾನೇಜರ್', ಕೆಲಸ ಮಾತ್ರ ಟೈಪಿಂಗ್ ಅಥವಾ ಯಂತ್ರದ ಮುಂದೆ ಎಂದಾದರೆ ನೀವು ನಿಲ್ಲುವ ಸಾಲು ಬದಲಾಗಬಹುದು.